ತಲೆಬರಹದ ಬಾಲ ಕತ್ತರಿಸಿದ್ದು ಯಾರು?

ಗೂಗಲ್‌ನಲ್ಲಿ ಹುಡುಕಿದಾಗ ‘ಬೆಳೆ ವಿಮೆ ಅರ್ಜಿ ಸಲ್ಲಿಸಲು ಕೊನೆಯ ದಿನ...’ ಎಂದಷ್ಟೇ ಕಾಣುತ್ತದೆ. ಬೇಕಾಗಿದ್ದ ತಾರೀಕು ಮೂರು ಚುಕ್ಕಿಯ ಹಿಂದೆ ಅಡಗಿರುತ್ತದೆ. ವರದಿಗಾರ ತಾರೀಕು ಬರೆದೇ ಇರುತ್ತಾನೆ. ಕತ್ತರಿ ಬಿದ್ದಿದ್ದು ಆಮೇಲೆ.

ವೆಬ್ ಪುಟದ ತಲೆಬರಹವನ್ನು `<title>` ಎಂಬ ಟ್ಯಾಗ್‌ನೊಳಗೆ ಬರೆಯುತ್ತಾರೆ. ಅದು 70 ಅಕ್ಷರ ಮೀರಬಾರದು ಎಂಬ ಲೆಕ್ಕ ಮೊದಲು ಚಾಲ್ತಿಯಲ್ಲಿತ್ತು. ಟೈಪ್‌ರೈಟರ್ ಕಾಲದಲ್ಲಾದರೆ ಈ ಲೆಕ್ಕ ಸರಿ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಜಾಗ. ಅಚ್ಚುಮೊಳೆ ಜೋಡಿಸುತ್ತಿದ್ದವರು ಇದನ್ನು ಒಪ್ಪುತ್ತಿರಲಿಲ್ಲ, ಅವರ ಮೊಳೆಗಳಲ್ಲಿ ಸಣ್ಣದೂ ಇತ್ತು, ದಪ್ಪದೂ ಇತ್ತು. ಪರದೆಯ ಮೇಲಿನ ಅಕ್ಷರವೂ ಆ ಮೊಳೆಯ ಜಾತಿಯದೇ.

2014ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಫಲಿತಾಂಶದ ಪುಟದ ರೂಪ ಬದಲಿಸಿತು. ತಲೆಬರಹದ ಅಡಿಗೆರೆ ಹೋಯಿತು, ಅಕ್ಷರ 18 ಪಿಕ್ಸೆಲ್‌ಗೆ ದೊಡ್ಡದಾಯಿತು. ಆದರೆ ಕಂಪ್ಯೂಟರ್ ಪರದೆಯಲ್ಲಿ ಅದು ಕೂರಬೇಕಾದ ಪೆಟ್ಟಿಗೆ ಸುಮಾರು 512 ಪಿಕ್ಸೆಲ್ ಅಗಲದ್ದು. ಪಿಕ್ಸೆಲ್ ಅಂದರೆ ಪರದೆಯ ಒಂದು ಚುಕ್ಕಿ. ನಿನ್ನೆಯವರೆಗೆ ಪೂರ್ತಿ ಕಾಣುತ್ತಿದ್ದ ಎಷ್ಟೋ ತಲೆಬರಹಗಳಿಗೆ ಬಾಲವಿಲ್ಲದಂತಾಯಿತು.

ಲೆಕ್ಕ ಹಾಕಿ ನೋಡಿ. ಏರಿಯಲ್ ಅಕ್ಷರಶೈಲಿಯಲ್ಲಿ, ಅದೇ 18ರ ಗಾತ್ರದಲ್ಲಿ, ಇಂಗ್ಲಿಷಿನ ಸಣ್ಣ `i` ಹಿಡಿಯುವುದು 4 ಪಿಕ್ಸೆಲ್, ದೊಡ್ಡ `W` ಹತ್ತಿರಹತ್ತಿರ 17. ಹಾಗಾದರೆ ಅದೇ ಪೆಟ್ಟಿಗೆಯಲ್ಲಿ `i` 128 ಕೂರುತ್ತವೆ, `W` ಬರೀ 30. ಇದರಲ್ಲಿ 70ಕ್ಕೆ ಏನು ಅರ್ಥ? ಬಸ್ಸಿನ ಸೀಟಿಗೆ ಎಷ್ಟು ಜನ ಎಂದು ಕೇಳಿದಂತೆ; ಕೂರುವವರು ಯಾರು ಎನ್ನುವುದರ ಮೇಲಿದೆ. ಇಂಗ್ಲಿಷಿನಲ್ಲಿ ತಲೆಬರಹವನ್ನು ಎಲ್ಲ ದೊಡ್ಡಕ್ಷರದಲ್ಲಿ ಬರೆದವರಿಗೆ ಏಟು ಹೆಚ್ಚು ಬಿದ್ದಿದ್ದೂ ಇದಕ್ಕೇ.

ನಮ್ಮ ಕನ್ನಡದಲ್ಲಿ ಗೋಜಲು ಇನ್ನೂ ಜಾಸ್ತಿ. ‘ಜಿಲ್ಲಾಸ್ಪತ್ರೆ’ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್ ಮಾತ್ರ ಗುಣಿತ, ವಿರಾಮ, ಒತ್ತು ಎಲ್ಲವನ್ನೂ ಬಿಡಿಸಿ 13 ಎಂದು ಎಣಿಸುತ್ತದೆ. ಒತ್ತಕ್ಷರ ಬಹುಮಟ್ಟಿಗೆ ಕೆಳಗೆ ನೇತುಬೀಳುವುದರಿಂದ ಅಗಲಕ್ಕೆ ಆ 13ರ ಭಾರವೇನೂ ಇಲ್ಲ. ಇಂಗ್ಲಿಷಿಗೆ ಹೇಳಿದ ಸಂಖ್ಯೆಯನ್ನು ಕನ್ನಡಕ್ಕೆ ತಂದು ಹಚ್ಚುವುದು ದಂಡ.

2016ರಲ್ಲಿ ಗೂಗಲ್ ಆ ಸಾಲಿನ ಜಾಗವನ್ನು ಸುಮಾರು 600 ಪಿಕ್ಸೆಲ್‌ಗೆ ಅಗಲಿಸಿತು. ಮೊಬೈಲಿನಲ್ಲಿ ತಲೆಬರಹ ಎರಡನೇ ಸಾಲಿಗೂ ಇಳಿಯುತ್ತದೆ, ಹಾಗಾಗಿ ಕಂಪ್ಯೂಟರಿನಲ್ಲಿ ತುಂಡಾಗಿದ್ದು ಫೋನಿನಲ್ಲಿ ಪೂರ್ತಿ ಕಂಡರೂ ಕಾಣಬಹುದು. 2021ರ ಆಗಸ್ಟ್‌ನಿಂದ ಇನ್ನೊಂದು ಸೇರಿಕೊಂಡಿದೆ: ನಾವು ಕೊಟ್ಟ ತಲೆಬರಹ ಬಿಟ್ಟು, ಪುಟದೊಳಗಿನ ದೊಡ್ಡ ಶೀರ್ಷಿಕೆಯನ್ನೇ ಗೂಗಲ್ ಎತ್ತಿ ತೋರಿಸುವುದುಂಟು. ಕೊನೆಗೆ ಮೂರು ಚುಕ್ಕಿ ಇದ್ದರೆ ಜಾಗ ಸಾಲದೆ ಕತ್ತರಿಸಿದ್ದು. ಮಾತೇ ಬೇರೆಯಾಗಿದ್ದರೆ ಗೂಗಲ್ ಬದಲಿಸಿದ್ದು.

ಅಗಲ ನಮ್ಮ ಕೈಯಲ್ಲಿಲ್ಲ, ಪದಗಳ ಸಾಲು ಇದೆ. ‘ಜುಲೈ 31 ಕೊನೆ: ಬೆಳೆ ವಿಮೆ ಅರ್ಜಿ’ ಎಂದು ಬರೆದರೆ ಕತ್ತರಿ ಎಲ್ಲಿ ಬಿದ್ದರೂ ತಾರೀಕು ರೈತನಿಗೆ ಸಿಗುತ್ತದೆ. ಪತ್ರಿಕೆಯ ಹೆಸರು ಬೇಕಿದ್ದರೆ ಕೊನೆಗಿರಲಿ, ಹೋದರೆ ಅದೇ ಹೋಗಲಿ.