ಚಿಪ್ಪು ಅಣಬೆ ಕೃಷಿ

ಚಿಪ್ಪು ಅಣಬೆ (ಪ್ಲೂರೋಟಸ್) ಕಾಡಿನಲ್ಲಿ ಸತ್ತ ಮರದ ಮೇಲೆ ತಾನಾಗಿ ಬೆಳೆಯುತ್ತದೆ. ಅದನ್ನು ಮೊದಲು ಬೇಸಾಯಕ್ಕೆ ತಂದದ್ದು ಜರ್ಮನಿಯ ಫಾಲ್ಕ್, 1917ರಲ್ಲಿ. ಅವರ ಹಾಸೂ ಮರದ ದಿಮ್ಮಿಯೇ. ಭಾರತದಲ್ಲಿ ಈ ಕೃಷಿ ಭತ್ತದ ಹುಲ್ಲಿಗೆ ಇಳಿದದ್ದು ಮೈಸೂರಿನಲ್ಲಿ. ಸಿಎಫ್‌ಟಿಆರ್‌ಐನ ಬಾನೊ ಮತ್ತು ಶ್ರೀವಾಸ್ತವ 1962ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಹುಲ್ಲು ಅಗ್ಗ, ಬೆಳೆ ಬೇಗ. ಆದರೆ ಹುಲ್ಲಿನಲ್ಲಿ ಬೇರೆ ಬೂಷ್ಟುಗಳೂ ಮನೆ ಮಾಡಿರುತ್ತವೆ. ಅವನ್ನು ಹಿಂದೆ ಹಾಕಿ ಅಣಬೆ ಮೊದಲು ಹರಡುವಂತೆ ಮಾಡುವುದೇ ಮುಂದಿನ ಕೆಲಸವೆಲ್ಲ.

ಮಳೆಗೆ ನೆನೆಯದ ಹೊಸ ಹುಲ್ಲನ್ನು ಎರಡು ಅಂಗುಲದ ತುಂಡು ಮಾಡಿ ರಾತ್ರಿಯಿಡೀ ನೆನೆಸಿ, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಒಂದರಿಂದ ಎರಡು ಗಂಟೆ ಇಡಬೇಕು. ಬಳಿಕ ಬಸಿದು ಆರಿಸಬೇಕು. ಹಿಡಿ ಹುಲ್ಲನ್ನು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಹನಿ ಬಿದ್ದರೆ ಒಂದು ವಾರದೊಳಗೆ ಚೀಲ ಹುಳಿ ವಾಸನೆ ಹೊಡೆಯುತ್ತದೆ.

ಬೀಜವೆಂದರೆ ಬೇಯಿಸಿದ ಜೋಳ ಅಥವಾ ಗೋಧಿಯ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆಗಳು. ಕಾಳಿಗೆ ಜಿಪ್ಸಂ, ಸುಣ್ಣದ ಪುಡಿ ಬೆರೆಸಿ ಒತ್ತಡದ ಹಬೆಯಲ್ಲಿ ಶುದ್ಧಮಾಡಿ ಇದನ್ನು ತಯಾರಿಸುತ್ತಾರೆ. ಸಣ್ಣ ಬೆಳೆಗಾರ ಕೊಳ್ಳುವುದೇ ಮೇಲು. ಹಸಿರು ಚುಕ್ಕೆ ಕಂಡ ಪೊಟ್ಟಣ ಬೇಡ. ಟ್ರೈಕೋಡರ್ಮ ಎಂಬ ಬೂಷ್ಟು ಹತ್ತಿದ ಗುರುತು ಅದು. ಚೀಲದಲ್ಲಿ ಹುಲ್ಲು, ಬೀಜ ಪದರ ಪದರವಾಗಿ ತುಂಬಿ ಕತ್ತಲೆಯಲ್ಲಿಟ್ಟರೆ ಎರಡರಿಂದ ಮೂರು ವಾರದಲ್ಲಿ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಚೀಲ ಸೀಳಿ ಬೆಳಕು, ಗಾಳಿ, ತೇವ ಕೊಡಬೇಕು. ಕಾಂಡ ಉದ್ದವಾಗಿ ಟೊಪ್ಪಿ ಚಿಕ್ಕದಾದರೆ ಸಾಮಾನ್ಯವಾಗಿ ಗಾಳಿಯಾಡುತ್ತಿಲ್ಲವೆಂದು ಅರ್ಥ.

ಅಂದಾಜು ವೆಚ್ಚಕ್ಕೆ ತಿಂಗಳಿಗೆ 100 ಚೀಲಗಳ ಘಟಕವೊಂದನ್ನು ಊಹಿಸಿಕೊಳ್ಳೋಣ. ದರಗಳು ಊರಿಂದೂರಿಗೆ ಬೇರೆಯಾಗುತ್ತವೆ. ಚೀಲಕ್ಕೆ ಒಂದು ಕಿಲೋ ಒಣಹುಲ್ಲು ಹಿಡಿದರೆ ನೆನೆದ ಮೇಲೆ ಒಟ್ಟು 300 ಕಿಲೋ ಆಗುತ್ತದೆ. ಅದರ ಶೇ. 3ರ ಲೆಕ್ಕದಲ್ಲಿ ಸುಮಾರು 10 ಕಿಲೋ ಬೀಜ ಬೇಕು. ಹುಲ್ಲು ₹500, ಬೀಜ ₹1,000, ಚೀಲ, ಉರುವಲು, ವಿದ್ಯುತ್, ಪ್ಯಾಕಿಂಗ್ ಸೇರಿ ₹2,000, ಅರೆಹೊತ್ತಿನ ಒಬ್ಬರ ಕೂಲಿ ₹6,000. ₹60,000ದ ಬಿದಿರಿನ ಶೆಡ್ಡು ಐದು ವರ್ಷ ಬಾಳಿದರೆ ತಿಂಗಳಿಗೆ ₹1,000. ಒಟ್ಟು ₹10,500. ಹತ್ತು ಚೀಲ ಕೆಟ್ಟು, ಉಳಿದವು ತಲಾ 600 ಗ್ರಾಂ ಕೊಟ್ಟರೆ 54 ಕಿಲೋ. ಕಿಲೋಗೆ ₹200ರಂತೆ ₹10,800. ಉಳಿತಾಯ ಬರೀ ₹300! ಮನೆಯವರೇ ದುಡಿದರೆ ಕೂಲಿಯ ₹6,000 ಮನೆಯಲ್ಲೇ ಉಳಿಯುತ್ತದೆ. ಈ ಪ್ರಮಾಣದಲ್ಲಿ ಆದಾಯವೆಂದರೆ ಬಹುಪಾಲು ಅದೇ. ಇಳುವರಿ 500 ಗ್ರಾಂಗೆ ಇಳಿದರೆ ₹1,500 ನಷ್ಟ. ಹಸಿ ಅಣಬೆ ಕೆಲವೇ ದಿನ ಬಾಳುವುದರಿಂದ ಮಾರಾಟವಾಗದ್ದನ್ನು ಒಣಗಿಸುತ್ತಾರೆ. ಹತ್ತು ಕಿಲೋ ಒಣಗಿದರೆ ಸಿಗುವುದು ಸುಮಾರು ಒಂದು ಕಿಲೋ.