ಹುದ್ದರಿ ಹೋಯಿತು, ಉರುಳುವುದು ಉಳಿಯಿತು

ಹೋದ ವರ್ಷ ನಮ್ಮ ಮಹಿಳಾ ವೇದಿಕೆಯ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯದ ದಿನ ನನ್ನ ಕೈಗೆ ಮೈಕು ಕೊಟ್ಟರು. "ನೀನು ಕ್ರಿಕೆಟ್ ಹುಚ್ಚಿ, ಕನ್ನಡದಲ್ಲೇ ವೀಕ್ಷಕ ವಿವರಣೆ ಕೊಡು" ಎಂದರು ನಮ್ಮ ಕಾರ್ಯದರ್ಶಿ ಅಕ್ಕ. ನಾನು ಸಾಫ್ಟ್‌ವೇರ್‌ನವಳು, ತಯಾರಿ ಇಲ್ಲದೆ ಏನೂ ಮಾಡುವವಳಲ್ಲ. ಎರಡು ಸಂಜೆ ಕೂತು ಒಂದು ಎಕ್ಸೆಲ್ ಹಾಳೆ ಮಾಡಿದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ. ಬ್ಯಾಟಿಗೆ ದಾಂಡು, ವಿಕೆಟ್‌ಗೆ ಹುದ್ದರಿ, ವಿಕೆಟ್ ಕೀಪರ್‌ಗೆ ಗೂಟರಕ್ಷಕ, ಫೀಲ್ಡರ್‌ಗೆ ಕ್ಷೇತ್ರರಕ್ಷಕ. ಹೆಚ್ಚಿನವು ಅಪ್ಪ ದಾವಣಗೆರೆಯ ಮನೆಯಲ್ಲಿ ಕತ್ತರಿಸಿ ಇಟ್ಟಿದ್ದ ಹಳೆಯ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಸಿಕ್ಕವು.

ಮೊದಲ ಓವರಿನಲ್ಲೇ ಹಾಳೆ ಕೈಕೊಟ್ಟಿತು. "ಕ್ಷೇತ್ರರಕ್ಷಕಿ ಚೆಂಡನ್ನು ಗೂಟರಕ್ಷಕಿಯ ಕಡೆಗೆ..." ಎನ್ನುವಷ್ಟರಲ್ಲಿ ಎರಡು ರನ್ ಓಡಿ, ಚೆಂಡು ಬೌಲರ್ ಕೈ ಸೇರಿ, ಆಕೆ ಮುಂದಿನ ಎಸೆತಕ್ಕೆ ಹೆಜ್ಜೆ ಎಣಿಸುತ್ತಿದ್ದಳು. ಅಂಗಳದ ಸುತ್ತ ಕೂತವರು ನಕ್ಕರು. ನಾನು ಆಟದ ಹಿಂದೆ ಓಡುತ್ತಿದ್ದೆ.

ಆಮೇಲೆ ಫೋನಿನಲ್ಲಿ ನನ್ನದೇ ಧ್ವನಿ ಮುದ್ರಿಸಿ ಅಳೆದು ನೋಡಿದೆ. ಏದುಸಿರು ಬಿಡದೆ ನಾನು ಆಡಬಲ್ಲದ್ದು ಸೆಕೆಂಡಿಗೆ ಆರೇಳು ಅಕ್ಷರ. ಪಿಚ್ಚಿನ ಈ ಕ್ರೀಸ್‌ನಿಂದ ಆ ಕ್ರೀಸ್‌ಗೆ 17.68 ಮೀಟರ್. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅದನ್ನು ಹೆಚ್ಚೂಕಡಿಮೆ ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಅಂದರೆ ಚೆಂಡು ಗಾಳಿಯಲ್ಲಿರುವಾಗ ಹೇಳಲು ಸಿಗುವುದು ಮೂರು ಅಕ್ಷರ. ಸ್ಪಿನ್ ಆದರೆ ಐದಾರು. "ಕ್ಷೇತ್ರರಕ್ಷಕ" ಎನ್ನುವ ಪದ ಅಚ್ಚಿನಲ್ಲಿ ಚಂದ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಓದುವವರಿಗೆ ಸಮಯ ಇರುತ್ತದೆ. ಆ ಪದಗಳು ಹುಟ್ಟಿದ್ದು ಪತ್ರಿಕೆಯ ಮೇಜಿನ ಮೇಲೆ, ಮೈದಾನದ ಅಂಚಿನಲ್ಲಲ್ಲ. ನನ್ನ ತಪ್ಪು ಇದ್ದದ್ದು ಅಲ್ಲಿ.

ಮೈದಾನದ ಅಂಚಿನ ಮಾತು ಹೇಗಿತ್ತು ಅಂತ ಅಪ್ಪನನ್ನು ಕೇಳಿದೆ. ಅವರು ಹರೆಯದಲ್ಲಿ ರೇಡಿಯೋಗೆ ಕಿವಿ ಹಚ್ಚಿ ರಣಜಿ ಪಂದ್ಯಗಳ ಕನ್ನಡ ವಿವರಣೆ ಕೇಳಿದವರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ ನಮ್ಮ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬೈಯನ್ನು ತಡೆದು, ಅವರ ಸತತ ಹದಿನೈದು ವರ್ಷಗಳ ಗೆಲುವಿನ ಸರಣಿ ಮುರಿದು, ಮೊದಲ ಬಾರಿ ರಣಜಿ ಟ್ರೋಫಿ ಗೆದ್ದಿತು. ಪ್ರಸನ್ನ ಅವರು ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ್ದು ಆ ಪಂದ್ಯದಲ್ಲೇ. ಅಪ್ಪ ಅದನ್ನು ಹೇಳುವಾಗ ಗಮನಿಸಿದೆ: ಅವರ ಬಾಯಲ್ಲಿ ಒಂದು ಸಲವೂ ಹುದ್ದರಿ ಬರಲಿಲ್ಲ. "ಗಾವಸ್ಕರ್ ವಿಕೆಟ್ ಉರುಳ್ತು ನೋಡು, ಅಲ್ಲಿಗೆ ಮ್ಯಾಚು ತಿರುಗ್ತು" ಎಂದರು.

ನನಗೆ ದಾರಿ ಕಂಡದ್ದು ಆ "ಉರುಳ್ತು" ಎಂಬಲ್ಲಿ. ನಾನು ನಾಮಪದಗಳನ್ನು ಹುಡುಕುತ್ತಿದ್ದೆ. ಕನ್ನಡ ಈ ಆಟವನ್ನು ತನ್ನದಾಗಿಸಿಕೊಂಡದ್ದು ಕ್ರಿಯಾಪದಗಳಲ್ಲಿ. ವಿಕೆಟ್ ಇಂಗ್ಲಿಷಿನದೇ, ಆದರೆ ಅದು ಉರುಳುತ್ತದೆ, ಬೌಲರ್ ಅದನ್ನು ಕಬಳಿಸುತ್ತಾರೆ. ಬೌಂಡರಿ ಅವರದೇ, ಆದರೆ ಚೆಂಡನ್ನು ಅಲ್ಲಿಗೆ ಅಟ್ಟುವುದು ನಾವು. ಸಿಕ್ಸರ್ ಸಿಡಿಸುತ್ತೇವೆ, ಶತಕ ಬಾರಿಸುತ್ತೇವೆ, ಕ್ಯಾಚ್ ಕೈಚೆಲ್ಲುತ್ತೇವೆ. ಎಲ್ಲಕ್ಕಿಂತ ನನಗಿಷ್ಟವಾದದ್ದು "ಕೆಣಕುವುದು". ಆಫ್ ಸ್ಟಂಪಿನಾಚೆ ಹೋಗುತ್ತಿದ್ದ ಚೆಂಡನ್ನು ಸುಮ್ಮನೆ ಕೆಣಕಿ ಸ್ಲಿಪ್‌ನಲ್ಲಿ ಸಿಕ್ಕಿಬಿದ್ದರು ಎಂದರೆ, ಮಲಗಿದ್ದ ನಾಯಿಗೆ ಕೋಲು ತಿವಿದವರ ಪಾಡೆಲ್ಲ ಒಂದೇ ಮಾತಿನಲ್ಲಿ ಬಂತು. ಅದಕ್ಕೆ ಸಮನಾದ ಒಂದು ಪದ ಇಂಗ್ಲಿಷಿನ ವಿವರಣೆಯಲ್ಲಿ ನನಗೆ ಸಿಕ್ಕಿಲ್ಲ.

ಮರಾಠಿ ಬೇರೆ ದಾರಿ ಹಿಡಿಯಿತು. ಹತ್ತು ವರ್ಷದಿಂದ ಪುಣೆಯಲ್ಲಿರುವುದರಿಂದ ಅದು ದಿನವೂ ಕಿವಿಗೆ ಬೀಳುತ್ತದೆ. ರೇಡಿಯೋದಲ್ಲಿ ಮರಾಠಿ ವಿವರಣೆಗೆ ರೂಪ ಕೊಟ್ಟವರಲ್ಲಿ ಬಾಳ ಪಂಡಿತ್ ಅವರ ಹೆಸರನ್ನು ನಮ್ಮ ಕೆಳಮನೆಯ ಕಾಕೂ ಇವತ್ತಿಗೂ ಗೌರವದಿಂದ ಹೇಳುತ್ತಾರೆ. ಓವರ್‌ಗೆ ಷಟಕ್, ರನ್ನಿಗೆ ಧಾವ್, ವಿಕೆಟ್‌ಗೆ ಬಳಿ ಅಂದರೆ ಬಲಿ. ಬೌಲರ್ ಗೋಲಂದಾಜ್. ಅದು ಫಿರಂಗಿ ಹಾರಿಸುವವನಿಗಿದ್ದ ಹಳೆಯ ಹೆಸರು. ಎಲ್‌ಬಿಡಬ್ಲ್ಯುಗೆ ಪಾಯಚೀತ್, ಬೌಲ್ಡ್‌ಗೆ ತ್ರಿಫಳಾಚೀತ್. ಮರಾಠಿಯವರು ಹೊಸ ಪದಗಳನ್ನೇ ಬಳಸಿ ಬಳಸಿ ಸವೆಸಿಕೊಂಡರು, ಹೀಗಾಗಿ ಕಾಕೂ ಬಾಯಲ್ಲಿ ಅವು ಪುಸ್ತಕದ ಪದಗಳಂತೆ ಕೇಳುವುದಿಲ್ಲ. ಅವರ ಚೌಕಾರ್, ಷಟ್ಕಾರ್ ಎರಡಕ್ಕೂ ಒಂದು ಗುಣ ಇದೆ: ಕೊನೆಗೆ ಉದ್ದದ ಆಕಾರ. "ಷಟ್ಕಾಆಆರ್" ಎಂದು ಚೆಂಡು ಗೆರೆ ದಾಟುವವರೆಗೆ ಎಳೆಯಬಹುದು. ನಮ್ಮ "ಆರು", "ನಾಲ್ಕು" ಕೊನೆಗೆ ಉಕಾರದಲ್ಲಿ ಬಾಯಿ ಮುಚ್ಚಿಬಿಡುತ್ತವೆ, ಕೂಗಲು ಬರುವುದಿಲ್ಲ. ಕನ್ನಡದ ವಿವರಣೆಗಾರರು ಸಿಕ್ಸರ್, ಫೋರ್ ಎಂದೇ ಉಳಿಸಿಕೊಂಡದ್ದು ಸೋಮಾರಿತನದಿಂದಲ್ಲ ಎಂದು ನನಗನ್ನಿಸುತ್ತದೆ. ಅವರು ಎಳೆಯುವುದನ್ನು ಬೇರೆ ಕಡೆ ಇಟ್ಟರು, ಕ್ರಿಯಾಪದದ ಬಾಲದಲ್ಲಿ: "ಹೋಗ್ತಾ ಇದೆ, ಹೋಗ್ತಾ ಇದೆ... ಹೋಯ್ತೂ!"

ಇನ್ನೊಂದು ತೊಡಕು ವಾಕ್ಯದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನವರು ಮೊದಲೇ ಹೊಡೆತ ಹೇಳಿ, ಚೆಂಡು ಎಲ್ಲಿಗೆ ಹೋಯಿತೆಂದು ಆಮೇಲೆ ಸೇರಿಸುತ್ತಾರೆ. ಚೆಂಡಿನ ಕ್ರಮವೂ ಅದೇ. ನಾವು ವ್ಯಾಕರಣದಂತೆ ಹೋದರೆ, ಕವರ್ಸ್ ಕಡೆಗೆ, ಫೀಲ್ಡರುಗಳ ನಡುವೆ, ಸೊಗಸಾಗಿ ಎಂದೆಲ್ಲ ಹೇಳಿ ಮುಗಿದ ಮೇಲೆ "ಹೊಡೆದರು". ಇದಕ್ಕೆ ಭಾಷೆಯ ಒಳಗೇ ಒಂದು ಪರಿಹಾರ ಇದೆ. "ಮುಂದೆ ಬಂದು, ಬ್ಯಾಟು ಬೀಸಿ, ಎತ್ತಿ..." ಎನ್ನುವಾಗ ಒಂದೊಂದು ತುಂಡೂ ಒಂದೊಂದು ಕೆಲಸ ಮುಗಿಸುತ್ತದೆ, ವಾಕ್ಯ ಮಾತ್ರ ಮುಗಿಯುವುದಿಲ್ಲ. ಕೇಳುವವರು ಕೊನೆಯ ಕ್ರಿಯಾಪದಕ್ಕಾಗಿ ಕಾಯಲೇಬೇಕು. ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತು ವಾಕ್ಯವೂ ಗಾಳಿಯಲ್ಲಿರುತ್ತದೆ.

ಇದನ್ನು ಪರೀಕ್ಷಿಸಲು 2024ರ ಮಾರ್ಚ್ 17ರ ಮಹಿಳಾ ಪ್ರೀಮಿಯರ್ ಲೀಗ್ ಫೈನಲ್ ಹಾಕಿ ಧ್ವನಿ ಬಂದ್ ಮಾಡಿದೆ. ಬೆಂಗಳೂರು ಗೆದ್ದ ಪಂದ್ಯ, ನೀವೆಲ್ಲ ನೋಡಿರುತ್ತೀರಿ. ಡೆಲ್ಲಿ ವಿಕೆಟ್ ನಷ್ಟವಿಲ್ಲದೆ 64. ಎಂಟನೇ ಓವರ್, ಸೋಫಿ ಮಾಲಿನ್ಯೂ. ಮೊದಲ ಎಸೆತವನ್ನೇ ಶಫಾಲಿ ವರ್ಮಾ ಡೀಪ್ ಮಿಡ್‌ವಿಕೆಟ್ ಕಡೆ ಎತ್ತಿದರು. ಎತ್ತಿದ ಚೆಂಡು ಕೆಲವು ಸೆಕೆಂಡು ಕೊಡುತ್ತದೆ, ಅಲ್ಲಿ ಕನ್ನಡ ಆರಾಮ: "ಎತ್ತಿ ಹೊಡೆದ್ರು, ಮೇಲೆ ಹೋಗಿದೆ, ಕೆಳಗೆ ವೇರ್‌ಹ್ಯಾಮ್ ಇದ್ದಾರೆ, ನೋಡ್ತಾ ಇದ್ದಾರೆ... ಹಿಡಿದ್ರೂ!" ಸರಿಯಾಗಿ ಕೂತಿತು. ಮೂರನೇ ಎಸೆತಕ್ಕೆ ಜೆಮಿಮಾ ರಾಡ್ರಿಗಸ್ ಬೌಲ್ಡ್. ಇಲ್ಲಿ "ಬ್ಯಾಟು ಬೀಸಿ, ಚೆಂಡು ತಪ್ಪಿ" ಎಂದು ಶುರುಮಾಡಿದೆ, ಬೇಲ್ಸ್ ಬಿದ್ದು ಬೆಂಗಳೂರಿನವರು ಕುಣಿಯುತ್ತಿದ್ದರೂ ನನ್ನ ವಾಕ್ಯ ದಡ ಮುಟ್ಟಿರಲಿಲ್ಲ. ಮರುಎಸೆತಕ್ಕೆ ಆಲಿಸ್ ಕ್ಯಾಪ್ಸಿ ಕೂಡ ಬೌಲ್ಡ್. ಈ ಸಲ ಕ್ರಮ ತಿರುಗಿಸಿದೆ. "ಬೌಲ್ಡ್! ಮತ್ತೊಂದು! ಮೊದಲ ಚೆಂಡಿಗೇ ಹೋದ್ರು, ನಾಲ್ಕು ಎಸೆತದಲ್ಲಿ ಮೂರು!" ಮೊದಲು ಫಲಿತಾಂಶ, ಆಮೇಲೆ ಕಥೆ. ಅಂದರೆ ಚೆಂಡು ಗಾಳಿಯಲ್ಲಿದ್ದರೆ ತುಂಡುತುಂಡಾಗಿ ಕಟ್ಟಬೇಕು, ಸ್ಟಂಪಿಗೆ ಬಡಿದರೆ ವಾಕ್ಯವನ್ನೇ ಬಿಡಬೇಕು. ಡೆಲ್ಲಿ ಕೊನೆಗೆ 113ಕ್ಕೆ ಆಲೌಟ್. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್ ಕಿತ್ತರು. ಅಲ್ಲಿಗೆ ನಾನು ವಿವರಣೆ ನಿಲ್ಲಿಸಿ ಬರೀ ಕೂಗುತ್ತಿದ್ದೆ.

ಹೆಂಗಸರ ಆಟಕ್ಕೆ ಬಂದಾಗ ಹಳೆಯ ಪದಗಳಲ್ಲಿ ಇನ್ನೊಂದು ತೊಂದರೆ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ಎದುರು, ಶಾಂತಾ ರಂಗಸ್ವಾಮಿ ನಾಯಕತ್ವದಲ್ಲಿ. ಅವರನ್ನು ದಾಂಡಿಗ ಎನ್ನಬೇಕೇ? ದಾಂಡು ಚಿನ್ನಿದಾಂಡಿನ ದಾಂಡೇ, ಚಂದದ ಪದ. ಆದರೆ ನಮ್ಮ ಕಡೆ ದಾಂಡಿಗ ಎಂದರೆ ಮೈ ಬೆಳೆಸಿಕೊಂಡ ಒರಟ ಎಂದೂ ಅರ್ಥ. ಪಂದ್ಯ ಪುರುಷೋತ್ತಮ ಪ್ರಶಸ್ತಿ ಹೆಣ್ಣುಮಗಳಿಗೆ ಬಂದರೆ ಇನ್ನೂ ಪೇಚು. ಪತ್ರಿಕೆಗಳು ಪಂದ್ಯಶ್ರೇಷ್ಠ ಎಂಬಲ್ಲಿಗೆ ಬಂದವು. ಇಂಗ್ಲಿಷಿನಲ್ಲೂ ಬ್ಯಾಟ್ಸ್‌ಮನ್ ಬದಲು ಬ್ಯಾಟರ್ ಎಂದು ಎಂಸಿಸಿ ನಿಯಮ ತಿದ್ದಿದ್ದು 2021ರಲ್ಲಿ. ತಮಾಷೆ ಎಂದರೆ, ಮಾತಿನ ವಿವರಣೆಗೆ ಈ ಕಷ್ಟ ಅಷ್ಟಾಗಿ ಇರಲೇ ಇಲ್ಲ. "ಹೊಡೆದ್ರು", "ಓಡಿದ್ರು", "ಹಿಡಿದ್ರು" ಎಂಬ ಗೌರವದ ಬಹುವಚನಕ್ಕೆ ಗಂಡು ಹೆಣ್ಣಿನ ಭೇದ ಇಲ್ಲ. ಇಲ್ಲೂ ಕೈಹಿಡಿದದ್ದು ಕ್ರಿಯಾಪದ.

ಹಾಗೆಂದು ಅದು ಕೈಕೊಡುವುದೇ ಇಲ್ಲವೆಂದಲ್ಲ. 2018ರಲ್ಲಿ ಐಪಿಎಲ್ ಕನ್ನಡ ವಿವರಣೆಯೊಂದಿಗೆ ಟಿವಿಗೆ ಬಂದಾಗಿನಿಂದ ವಿಜಯ್ ಭಾರದ್ವಾಜ್ ಅವರಂಥ ಆಡಿ ಬಂದವರ ಮಾತು ಕೇಳುತ್ತಿದ್ದೇನೆ. ಟಿವಿಯಲ್ಲಿ ಚಿತ್ರ ಇದೆ, ಅರ್ಧ ಹೇಳಿದರೂ ಸಾಗುತ್ತದೆ. ನಮ್ಮ ಅಂಗಳದಲ್ಲಿ ಹಾಗಲ್ಲ, ಹಿಂದಿನ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದವರಿಗೆ ನನ್ನ ಮೈಕೇ ಕಣ್ಣು. ಕೊನೆಯ ಓವರಿನಲ್ಲಿ ನಮ್ಮ ಬಡಾವಣೆಯ ಹುಡುಗಿ ಲಾಂಗ್ ಆನ್‌ನಲ್ಲಿ ಜಿಗಿದು ಚೆಂಡು ಹಿಡಿದಳು. ನಾನು ಉತ್ಸಾಹದಲ್ಲಿ "ಹಿಡಿದ್‌ಬಿಟ್ರೂ!" ಎಂದು ಚೀರಿದೆ. ಗದ್ದಲದಲ್ಲಿ ಮೊದಲ ಅರ್ಧ ಮುಳುಗಿ "ಬಿಟ್ರೂ" ಮಾತ್ರ ಕೇಳಿತು. ಎದುರು ತಂಡದವರು ಕ್ಯಾಚ್ ಬಿಟ್ಟರೆಂದು ಎದ್ದು ಚಪ್ಪಾಳೆ ಹೊಡೆದರು. ಒಂದೇ ಕ್ರಿಯಾಪದ, ಒಂಟಿಯಾಗಿ ನಿಂತರೆ ಕೈಜಾರಿತು, ಇನ್ನೊಂದರ ಬೆನ್ನಿಗೆ ಬಂದರೆ ಕೆಲಸ ಪೂರ್ತಿಯಾಯಿತು.

ನನ್ನ ಎಕ್ಸೆಲ್ ಹಾಳೆಯಲ್ಲಿ ಈಗ ಎಡಗಡೆಯ ಕಾಲಂ ಅಳಿಸಿದ್ದೇನೆ. ಬರೀ ಕ್ರಿಯಾಪದಗಳಿವೆ, ನಲವತ್ತರ ಹತ್ತಿರ. "ಹಿಡಿದ್‌ಬಿಟ್ರು" ಮುಂದೆ ಕೆಂಪು ಗುರುತು ಹಾಕಿ "ಹಿಡಿದೇ ಹಿಡಿದ್ರು" ಎಂದು ಬರೆದಿಟ್ಟಿದ್ದೇನೆ. ನಿಮ್ಮ ಊರ ಕಡೆ ಚೆಂಡು ಹೊಡೆಯುವುದಕ್ಕೆ, ತಪ್ಪಿಸುವುದಕ್ಕೆ, ಹಿಡಿಯುವುದಕ್ಕೆ ಬೇರೆ ಮಾತುಗಳಿದ್ದರೆ ಮುಂದಿನ ಪಂದ್ಯಕ್ಕೆ ಮೊದಲು ಹೇಳಿ, ಮೈಕು ಮತ್ತೆ ನನ್ನ ಕೈಗೇ ಬರುವ ಲಕ್ಷಣ ಇದೆ.