ವಾರಕ್ಕೊಮ್ಮೆ ಸರಕು ತರಿಸುವ ಅಂಗಡಿಗೆ ಒಂದು ವಾರದ ದಾಸ್ತಾನು ಸಾಕೇ? ಲೆಕ್ಕ ಏನು ಹೇಳುತ್ತದೆ?

ಹೇಳಿಕೆ: ವಾರಕ್ಕೊಮ್ಮೆ ಆರ್ಡರ್ ಕೊಡುವ ಅಂಗಡಿಯವರು ಒಂದು ವಾರದ ವ್ಯಾಪಾರಕ್ಕೆ ಆಗುವಷ್ಟು ಸರಕು ಇಟ್ಟುಕೊಂಡರೆ ಸಾಕು.

ವಾಸ್ತವ: ಸಾಲದು. ಆರ್ಡರ್ ಕೊಟ್ಟ ಮೇಲೆ ಸರಕು ಬಂದು ಮುಟ್ಟುವ ದಿನಗಳನ್ನೂ, ವ್ಯಾಪಾರದ ಏರಿಳಿತವನ್ನೂ ಇದಕ್ಕೆ ಕೂಡಿಸಬೇಕು.

ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಈ ಮಾತು ಸಾಮಾನ್ಯ. ಕೇಳಲು ಸರಿ ಅನಿಸುತ್ತದೆ. ಆದರೆ ಇದನ್ನೇ ನಂಬಿದ ಅಂಗಡಿಯಲ್ಲಿ ಲಾರಿ ಬರುವ ಎರಡು ದಿನ ಮೊದಲೇ ಕಪಾಟು ಖಾಲಿಯಾಗುತ್ತದೆ, ಗಿರಾಕಿ ಬೇರೆ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಹೆದರಿ ಬೇಕಾಬಿಟ್ಟಿ ತುಂಬಿಸಿದರೆ ದುಡ್ಡು ಕಪಾಟಿನಲ್ಲೇ ಕೂರುತ್ತದೆ. ಇವೆರಡರ ನಡುವಿನ ಸರಿಯಾದ ಸಂಖ್ಯೆಯನ್ನು ಕಂಡುಹಿಡಿಯುವುದು ಹೇಗೆ ಎಂದು ನಾವಿಲ್ಲಿ ವಿವರಿಸುತ್ತೇವೆ.

ಒಂಬತ್ತು ದಿನ ಎಲ್ಲಿಂದ ಬಂತು?

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಒಂದು ಕಿರಾಣಿ ಅಂಗಡಿ ಇದೆ ಎಂದು ಊಹಿಸಿಕೊಳ್ಳೋಣ. ಅಂಗಡಿಯವರು ಪ್ರತಿ ಸೋಮವಾರ ಸರಕು ಎಣಿಸಿ ಸಗಟು ವ್ಯಾಪಾರಿಗೆ ಆರ್ಡರ್ ಕೊಡುತ್ತಾರೆ. ಎರಡು ದಿನ ಬಿಟ್ಟು, ಬುಧವಾರ ಸರಕು ಬರುತ್ತದೆ. ನಾವು ನೋಡುವ ವಸ್ತು ಒಂದೇ: ಒಂದು ಲೀಟರ್ ಅಡುಗೆ ಎಣ್ಣೆಯ ಪಾಕೆಟ್. ದಿನಕ್ಕೆ ಸರಾಸರಿ 6 ಪಾಕೆಟ್ ಮಾರಾಟ.

ಈ ಸೋಮವಾರ ಆರ್ಡರ್ ಕೊಟ್ಟರೆ ಮತ್ತೆ ಆರ್ಡರ್ ಕೊಡುವುದು ಮುಂದಿನ ಸೋಮವಾರ. ಆ ಆರ್ಡರಿನ ಸರಕು ಕೈಗೆ ಸಿಗುವುದು ಅದರ ನಂತರದ ಬುಧವಾರ. ಅಂದರೆ ಇವತ್ತು ಅಂಗಡಿಯಲ್ಲಿರುವುದು ಮತ್ತು ಇವತ್ತು ಆರ್ಡರ್ ಮಾಡುವುದು ಎರಡೂ ಸೇರಿ 7 ದಿನವಲ್ಲ, 7 + 2 = 9 ದಿನ ನಡೆಯಬೇಕು. ನಡುವೆ ಬೇರೆ ಸರಕು ಬರುವುದಿಲ್ಲ.

ಒಂದು ವಾರದ ಲೆಕ್ಕ ಹಿಡಿದವರು 42 ಪಾಕೆಟ್‌ಗೆ ನಿಲ್ಲುತ್ತಾರೆ. 9 ದಿನಕ್ಕೆ ಬೇಕಾಗುವುದು ಸರಾಸರಿ 54. ಕೊರತೆ 12 ಪಾಕೆಟ್, ಸರಿಯಾಗಿ ಎರಡು ದಿನದ ವ್ಯಾಪಾರ.

ಏರಿಳಿತಕ್ಕೆ ಎಷ್ಟು ಕೂಡಿಸಬೇಕು?

54 ಕೇವಲ ಸರಾಸರಿ. ಅಷ್ಟನ್ನೇ ಇಟ್ಟರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಸರಕು ಕಡಿಮೆ ಬೀಳುತ್ತದೆ, ಏಕೆಂದರೆ ವ್ಯಾಪಾರ ಸರಾಸರಿಗಿಂತ ಮೇಲೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ. ಎಷ್ಟು ಮೇಲೆ ಕೆಳಗೆ ಎಂದು ತಿಳಿಯಲು ಎಂಟು ವಾರದ ಮಾರಾಟ ಬರೆದಿಟ್ಟರೆ ಲೆಕ್ಕ ಶುರು ಮಾಡಬಹುದು. ನಮ್ಮ ಉದಾಹರಣೆಯಲ್ಲಿ ಅದು ಹೀಗಿದೆ: 39, 48, 35, 44, 45, 36, 49, 40.

ಸರಾಸರಿ 42. ಪ್ರತಿ ವಾರದ ಮಾರಾಟ ಸರಾಸರಿಯಿಂದ ಎಷ್ಟು ದೂರ ಇದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆಗೆ ಮಾನಕ ವಿಚಲನೆ ಎನ್ನುತ್ತಾರೆ. ಇಲ್ಲಿ ಅದು ವಾರಕ್ಕೆ ಸುಮಾರು 5.3 ಪಾಕೆಟ್. 9 ದಿನಕ್ಕೆ ಇದನ್ನು ನೇರವಾಗಿ 9/7ರಿಂದ ಗುಣಿಸುವ ಹಾಗಿಲ್ಲ. ಒಂದು ದಿನ ಹೆಚ್ಚು ಹೋದದ್ದು ಇನ್ನೊಂದು ದಿನ ಕಡಿಮೆ ಹೋಗಿ ಸ್ವಲ್ಪ ಸರಿದೂಗುವುದರಿಂದ 9/7ರ ವರ್ಗಮೂಲದಿಂದ ಗುಣಿಸಬೇಕು. ಆಗ ಬರುವುದು 6 ಪಾಕೆಟ್.

ಇನ್ನು ಎಷ್ಟು ಭರವಸೆ ಬೇಕು ಎಂಬುದು ಅಂಗಡಿಯವರ ಆಯ್ಕೆ. 20 ಬಾರಿಯಲ್ಲಿ 19 ಬಾರಿ ಸರಕು ಮುಗಿಯಬಾರದು ಎಂದರೆ ಈ 6ನ್ನು 1.65ರಿಂದ ಗುಣಿಸಬೇಕು: 9.9, ಅಂದರೆ 10 ಪಾಕೆಟ್. ಇದು ಮುನ್ನೆಚ್ಚರಿಕೆಯ ದಾಸ್ತಾನು. 54 + 10 = 64. ಇದೇ ಭರ್ತಿ ಮಟ್ಟ, ಪ್ರತಿ ಸೋಮವಾರ ಸರಕನ್ನು ಮುಟ್ಟಿಸಬೇಕಾದ ಗುರಿ.

ಫೋನಿನ ಸ್ಪ್ರೆಡ್‌ಶೀಟಿನಲ್ಲಿ ಎಂಟು ವಾರದ ಮಾರಾಟವನ್ನು B2ರಿಂದ B9ರವರೆಗೆ ತುಂಬಿದರೆ ಈ ಒಂದು ಸಾಲು ಸಾಕು:

```
=ROUNDUP(AVERAGE(B2:B9)*9/7 + 1.65*STDEV.S(B2:B9)*SQRT(9/7), 0)
```

ಆರ್ಡರ್ ಎಷ್ಟು ಕೊಡಬೇಕು?

64 ಎಂಬುದು ಆರ್ಡರ್ ಅಲ್ಲ, ಮಟ್ಟ. ಸೋಮವಾರ ಎಣಿಸಿದಾಗ 15 ಪಾಕೆಟ್ ಇದ್ದರೆ ಆರ್ಡರ್ 64 − 15 = 49. ಹಿಂದಿನ ವಾರ ಕೇಳಿದ್ದರಲ್ಲಿ 10 ಪಾಕೆಟ್ ಇನ್ನೂ ಬರುವುದಿದ್ದರೆ ಅದನ್ನೂ ಕಳೆಯಬೇಕು, ಆಗ 39. ಈ ಬಾಕಿಯನ್ನು ಮರೆತರೆ ಅದೇ ಸರಕಿಗೆ ಎರಡು ಸಲ ಆರ್ಡರ್ ಹೋಗುತ್ತದೆ. ಹಾಗೆಯೇ ಯಾರಿಗಾದರೂ 4 ಪಾಕೆಟ್ ಎತ್ತಿಡುತ್ತೇವೆ ಎಂದು ಮಾತು ಕೊಟ್ಟಿದ್ದರೆ ಆ 4ನ್ನು ಆರ್ಡರಿಗೆ ಕೂಡಿಸಬೇಕು.

ಲೆಕ್ಕ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಬುಧವಾರ ಹೊಸ ಸರಕು ಇಳಿಯುವ ಮುನ್ನ ಕಪಾಟಿನಲ್ಲಿ ಎಷ್ಟು ಉಳಿದಿದೆ ಎಂದು ಬರೆದಿಡಿ. ಲೆಕ್ಕ ಸರಿಯಿದ್ದರೆ ಅದು ಹಲವು ವಾರಗಳ ಸರಾಸರಿಯಲ್ಲಿ 10ರ ಆಸುಪಾಸಿನಲ್ಲಿರುತ್ತದೆ. ಯಾವಾಗಲೂ 25 ಉಳಿಯುತ್ತಿದ್ದರೆ ಮಟ್ಟ ಹೆಚ್ಚಾಗಿದೆ. ಪದೇ ಪದೇ ಸೊನ್ನೆ ಬರುತ್ತಿದ್ದರೆ ಕಡಿಮೆಯಾಗಿದೆ.

ಒಂದು ಎಚ್ಚರಿಕೆ: ಸರಕು ಮುಗಿದ ವಾರದಲ್ಲಿ ಮಾರಾಟವಾದದ್ದು 35 ಎಂದು ಬರೆದರೆ ಅದು ಗಿರಾಕಿ ಕೇಳಿದ ಪ್ರಮಾಣವಲ್ಲ, ನಮ್ಮಲ್ಲಿ ಇದ್ದ ಪ್ರಮಾಣ. ಅದನ್ನೇ ಲೆಕ್ಕಕ್ಕೆ ಹಾಕಿದರೆ ಮಟ್ಟ ಇಳಿಯುತ್ತದೆ, ಮುಂದಿನ ವಾರ ಇನ್ನೂ ಬೇಗ ಮುಗಿಯುತ್ತದೆ. ಅಂಥ ವಾರವನ್ನು ಬಿಟ್ಟುಬಿಡಿ, ಇಲ್ಲವೇ ಬರಿಗೈಯಲ್ಲಿ ಮರಳಿದ ಗಿರಾಕಿಗಳು ಕೇಳಿದ್ದನ್ನೂ ಕೂಡಿಸಿ.

ಈ ಸೂತ್ರ ಎಲ್ಲಿ ಕೈಕೊಡುತ್ತದೆ?

ಯಮನೂರಿನಲ್ಲೇ ಇದಕ್ಕೆ ಎರಡು ಸಂದರ್ಭಗಳಿವೆ. ಮೊದಲನೆಯದು ಹೋಳಿಯ ಆಸುಪಾಸಿನಲ್ಲಿ ನಡೆಯುವ ಚಾಂಗದೇವರ ಜಾತ್ರೆ. ಹಿಂದೂ, ಮುಸ್ಲಿಂ ಭಕ್ತರಿಬ್ಬರೂ ದೂರದೂರದಿಂದ ಬರುವ ಆ ದಿನಗಳಿಗೆ ಮಾಮೂಲಿ ವಾರಗಳ ಸರಾಸರಿ ಏನನ್ನೂ ಹೇಳುವುದಿಲ್ಲ. ಆ 9 ದಿನಕ್ಕೆ ಹಿಂದಿನ ವರ್ಷದ ಜಾತ್ರೆಯ ಲೆಕ್ಕದಿಂದ ಬೇರೆಯೇ ಮಟ್ಟ ನಿಗದಿ ಮಾಡಬೇಕು. ಜಾತ್ರೆ ಮುಗಿದ ಮೇಲೆ ಆ ವಾರದ ಸಂಖ್ಯೆಯನ್ನು ಎಂಟು ವಾರದ ಪಟ್ಟಿಗೆ ಸೇರಿಸಬಾರದು. ಸೇರಿಸಿದರೆ ಸರಾಸರಿ, ವಿಚಲನೆ ಎರಡೂ ಉಬ್ಬಿ ಎರಡು ತಿಂಗಳು ಬೇಡದ ಸರಕು ಬಂದು ಬೀಳುತ್ತದೆ.

ಎರಡನೆಯದು ಬೆಣ್ಣಿಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದು ರಸ್ತೆ ನಿಂತರೆ ಬುಧವಾರದ ಸರಕು ಶುಕ್ರವಾರ ಬರಬಹುದು. ಸರಕು ಮುಟ್ಟಲು 2ರ ಬದಲು 4 ದಿನ ಹಿಡಿದರೆ ಒಟ್ಟು 11 ದಿನ. ಆಗ ಸರಾಸರಿ ಬೇಡಿಕೆ 66, ಮುನ್ನೆಚ್ಚರಿಕೆಗೆ 11, ಭರ್ತಿ ಮಟ್ಟ 77. ಹಳ್ಳ ಬಂದ ಮೇಲೆ ಆರ್ಡರ್ ಹೆಚ್ಚಿಸಿ ಪ್ರಯೋಜನವಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಈ 13 ಪಾಕೆಟ್ ಏರಿಸಿ, ಮಳೆ ನಿಂತ ಮೇಲೆ ಇಳಿಸಬೇಕು.

ಹಾಲು, ಸೊಪ್ಪು, ಬ್ರೆಡ್‌ನಂಥ ವಸ್ತುಗಳಿಗೆ ಈ ಸೂತ್ರ ಬೇಡ. ಅವು 9 ದಿನ ಬಾಳುವುದೇ ಇಲ್ಲ.

ತೀರ್ಮಾನ: ‘ವಾರಕ್ಕೊಮ್ಮೆ ಆರ್ಡರ್, ವಾರದ ದಾಸ್ತಾನು’ ಎಂಬ ಮಾತು ತಪ್ಪು. ಎಣಿಕೆಯ ಅವಧಿ ಮತ್ತು ಸರಕು ಬರಲು ಹಿಡಿಯುವ ದಿನ ಎರಡನ್ನೂ ಕೂಡಿಸಿ ಸರಾಸರಿ ಬೇಡಿಕೆ ತೆಗೆಯಿರಿ, ಅದರ ಮೇಲೆ ಏರಿಳಿತದ ಪಾಲು ಇಡಿ. ನಮ್ಮ ಉದಾಹರಣೆಯಲ್ಲಿ ಉತ್ತರ 42 ಅಲ್ಲ, 64.